ಅಪ್‌ಡೇಟ್: ಮಗಳ ಕಂದು ಹಲ್ಲು, ಎಕ್ಸ್‌ರೇ ಆದಮೇಲೆ

ನಾನು ಕೇಳಿದ್ದು: "ಮಗಳಿಗೆ 4 ವರ್ಷ. ಹಾಲುಹಲ್ಲೆಲ್ಲ ಬೂದು-ಕಂದು ಬಣ್ಣ, ದವಡೆ ಹಲ್ಲು ಸವೆದಿವೆ. ಇದು ಹುಳುಕಾ?"

ಹುಳುಕಲ್ಲ. ಇಲ್ಲೇ ಪುಣೆಯಲ್ಲಿ ಮಕ್ಕಳ ಹಲ್ಲಿನ ಡಾಕ್ಟರ್ ಎಕ್ಸ್‌ರೇ ತೆಗೆದು, ಡೆಂಟಿನೋಜೆನೆಸಿಸ್ ಇಂಪರ್ಫೆಕ್ಟಾ ಎಂದರು. ಅಂದರೆ ಹಲ್ಲಿನ ಒಳಪದರವಾದ ಡೆಂಟಿನ್ ಸರಿಯಾಗಿ ಬೆಳೆಯದ, ವಂಶದಲ್ಲಿ ಬರುವ ತೊಂದರೆ. ಧಾರವಾಡದ ನಮ್ಮತ್ತೆಗೂ ಹಿಂಗೇ ಹಲ್ಲು ಸವೆದಿದ್ದವು. ಯಜಮಾನರಿಗೂ ಚಿಕ್ಕಂದಿನಿಂದ ಇದೇ ಬಣ್ಣ. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಅಮೆಲೋಜೆನೆಸಿಸ್ ಇಂಪರ್ಫೆಕ್ಟಾ ಇರಬಹುದೇ ಎಂದೂ ಕೇಳಿದೆ. ಅದರಲ್ಲಿ ಮೇಲಿನ ಎನಾಮೆಲ್ಲೇ ತೆಳು ಅಥವಾ ಮೆತ್ತಗೆ ಇರುತ್ತದೆ, ಒಳಗಿನ ಡೆಂಟಿನ್ ಸರಿ ಇರುತ್ತದೆ. ಇವಳದ್ದು ತಿರುಗಾಮುರುಗಾ. ಎನಾಮೆಲ್ ಚೆನ್ನಾಗಿದ್ದರೂ ಕೆಳಗಿನ ಡೆಂಟಿನ್ ಮೆದು, ಅದಕ್ಕೇ ಚಕ್ಕೆ ಏಳುತ್ತದೆ. ಎಕ್ಸ್‌ರೇಯಲ್ಲಿ ಹಲ್ಲಿನ ತಲೆ ಉಬ್ಬಿ, ಕುತ್ತಿಗೆ ಸಣ್ಣಗಾಗಿ, ಬೇರು ಗಿಡ್ಡವಾಗಿ ಕಂಡಿತು. ನರದ ಜಾಗ ಮುಚ್ಚಿಹೋಗುತ್ತಿತ್ತು. ಅದು ಪೂರ್ತಿ ಮುಚ್ಚಿದ ಮೇಲೆ ಕೀವಾದರೆ ರೂಟ್ ಕೆನಾಲ್ ಮಾಡೋದು ತುಂಬಾ ಕಷ್ಟವಂತೆ.

ಮೂಳೆ ಪದೇ ಪದೇ ಮುರಿದಿದೆಯಾ ಎಂದೂ ಕೇಳಿದರು. ಮೂಳೆ ಸುಲಭವಾಗಿ ಮುರಿಯುವ ಕಾಯಿಲೆಯ ಜೊತೆಗೂ ಇದು ಬರುತ್ತದೆ. ಇವಳಿಗೆ ಹಾಗಾಗಿಲ್ಲ.

8 ದವಡೆ ಹಲ್ಲಿಗೂ ಸ್ಟೀಲ್ ಕ್ಯಾಪ್ ಹಾಕಿದರು. ಮುಂದಿನ ಹಲ್ಲಿಗೆ ಹಲ್ಲಿನ ಬಣ್ಣದ ಫಿಲ್ಲಿಂಗ್. ಅದು ಕಿತ್ತುಬರಬಹುದು ಎಂದು ಮೊದಲೇ ಹೇಳಿದ್ದರು, ಒಂದು ಬಂದೂಬಿಟ್ಟಿತು. ಈಗ ಚಪಾತಿ ಆರಾಮಾಗಿ ಅಗಿಯುತ್ತಾಳೆ. 6 ವರ್ಷದ ಹೊತ್ತಿಗೆ ಬರುವ ಶಾಶ್ವತ ದವಡೆ ಹಲ್ಲನ್ನು ಸವೆಯುವ ಮೊದಲೇ ತೋರಿಸಬೇಕು.