ಸಹಾಯ ಬೇಕು: ರಮ್ಮಿ ಎಪಿಕೆ ತೆಗೆದ ಮೇಲೂ ಫೋನ್ ರೀಸೆಟ್ ಮಾಡಬೇಕಾ?

ಎಸ್.ಪಿ. ರಸ್ತೆ ಕಡೆ ಮೊಬೈಲ್ ರಿಪೇರಿ ಮಾಡೋರಿಗೆ ಈ ಪ್ರಶ್ನೆ. ರಿಪೇರಿಗೆ ಬಂದಿರೋ ಒಂದು ಆಂಡ್ರಾಯ್ಡ್ 13 ಫೋನಲ್ಲಿ ಟೆಲಿಗ್ರಾಂ ಲಿಂಕಿಂದ ಇಳಿಸಿಕೊಂಡ ರಮ್ಮಿ ಆ್ಯಪ್ ಇತ್ತು. ಎಸ್ಸೆಮ್ಮೆಸ್, ಆಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್ ಮೂರಕ್ಕೂ ಅನುಮತಿ ಕೊಟ್ಟಿದ್ದಾರೆ. ಇಸ್ಪೀಟಾಟಕ್ಕೆ ಇವು ಯಾವುದೂ ಬೇಕಿಲ್ಲ. ಮೊದಲನೆಯದು ಓಟಿಪಿ ಓದುತ್ತೆ, ಎರಡನೆಯದು ಪರದೆ ನೋಡಿ ತಾನೇ ಬಟನ್ ಒತ್ತುತ್ತೆ. ಅದಕ್ಕೇ ಅನ್‌ಇನ್‌ಸ್ಟಾಲ್ ಪುಟ ತೆರೆದ ತಕ್ಷಣ ಮುಚ್ಚಿಹೋಗ್ತಿತ್ತು.

ಸಿಮ್ ತೆಗೆದು, ವೈಫೈ ಆರಿಸಿ, ಸೇಫ್ ಮೋಡಿಗೆ ಹೋಗಿ ಮೊದಲು ಅಡ್ಮಿನ್ ರದ್ದು ಮಾಡಿದೆ. ಅದಿಲ್ಲದೆ ಆ್ಯಪ್ ತೆಗೆಯೋಕೆ ಬಿಡಲ್ಲ. ಆಮೇಲೆ ಕಂಪ್ಯೂಟರಿಂದ ಇದನ್ನ ಓಡಿಸಿದೆ:

```
adb shell pm list packages -3 -i
```

ಪ್ಲೇ ಸ್ಟೋರಿಂದ ಬಂದ ಆ್ಯಪಿನ ಮುಂದೆ `installer=com.android.vending` ಅಂತ ಇರುತ್ತೆ. ಇಲ್ಲಿ "ಸಿಸ್ಟಂ ಅಪ್‌ಡೇಟ್" ಹೆಸರಿನ ಇನ್ನೊಂದರ ಮುಂದೆ ಆ ರಮ್ಮಿ ಆ್ಯಪಿನ ಪ್ಯಾಕೇಜ್ ಹೆಸರೇ ಇತ್ತು! ಅಂದ್ರೆ ರಮ್ಮಿ ಬರೀ ಬಾಗಿಲು, ಒಳಗೆ ಬಂದಿದ್ದು ಇದು. ಎರಡನ್ನೂ ತೆಗೆದೆ, ಡೌನ್‌ಲೋಡ್ಸ್‌ನಲ್ಲಿದ್ದ ಎಪಿಕೆ ಅಳಿಸಿದೆ. ಸಿಮ್ ವಾಪಸ್ ಹಾಕಿ `*#21#` ಒತ್ತಿ ನೋಡಿದ್ರೆ ಅನ್‌ಕಂಡಿಷನಲ್ ಕಾಲ್ ಫಾರ್ವರ್ಡ್ ಇಲ್ಲ. ಬ್ಯಾಂಕ್ ಪಾಸ್‌ವರ್ಡ್, ಯುಪಿಐ ಪಿನ್ ಬೇರೆ ಫೋನಿಂದ ಬದಲಾಯಿಸೋಕೆ ಹೇಳಿದೀನಿ.

ಫೋನ್ ರೂಟ್ ಆಗಿಲ್ಲ, ಪಟ್ಟಿ ಈಗ ಸ್ವಚ್ಛವಾಗಿದೆ. ಆದ್ರೂ ಈ ಪಟ್ಟಿಗೆ ಸಿಗದೆ ಉಳಿಯೋ ಜಾಗ ಬೇರೆ ಏನಾದ್ರೂ ಇದೆಯಾ? ಇಷ್ಟೇ ಸಾಕಾ, ಇಲ್ಲಾ ಫ್ಯಾಕ್ಟರಿ ರೀಸೆಟ್ ಮಾಡಲೇಬೇಕಾ?