ಮನೆಮಂದಿ ಗುಂಪು: ಸಂದೀಪನ ಹಿಂದಿ ಕಾಮೆಂಟ್ರಿ ಆಡಿಯೊ

ಸಂದೀಪ: ಎಲ್ಲಾರೂ ಕೇಳಿ ಹೇಳ್ರಿ. 2007ರ ಟಿ20 ವಿಶ್ವಕಪ್ ಫೈನಲ್, ಜೊಹಾನ್ಸ್‌ಬರ್ಗ್, ಜೋಗಿಂದರ್ ಶರ್ಮಾನ ಕಡೀ ಓವರ್. ವಿಡಿಯೊದ ದನಿ ಬಂದ್ ಮಾಡಿ, ಅದನ್ನ ನೋಡಿಕೋತ ರೇಡಿಯೊಕ್ಕ ಹೇಳಿದಂಗ ಹಿಂದಿಯೊಳಗ ಹೇಳೇನಿ. ಆಡಿಷನ್‌ಗೆ ಇದನ್ನ ಕಳಸೋದು.

ಬೀದರ ಮಾಮಾ: ಭಾರಿ ಅದ ಬಿಡಪಾ. ಆ ಕ್ಯಾಚ್ ಮುಂದ ದನಿ ಏರಿಸಿದಿ ನೋಡು, ಅದು ಬೇಕು. ಹಿಂದಿ ಕಾಮೆಂಟ್ರಿ ಅಂದ್ರ ಜೋಶ್.

ಹುಬ್ಬಳ್ಳಿ ಕಾಕಾ: ದನಿ ಛಲೋ ಅದ, ಉಚ್ಚಾರ ಛಲೋ ಅದ. ಆದ್ರ ಇದನ್ನ ಹಿಂಗ ಕಳಸಬ್ಯಾಡ. ಕಣ್ಣು ಮುಚ್ಚಿಕೊಂಡು ಕೇಳಿದೆ, ಮಿಸ್ಬಾಹ್ ಹೊಡೆದ ಚೆಂಡು ಎಲ್ಲೆ ಹೋತು ಗೊತ್ತಾಗ್ಲಿಲ್ಲ. ನೀ ಚೀರಿದ ಮ್ಯಾಲೆ ಔಟ್ ಅಂತ ತಿಳೀತು.

ಸಂದೀಪ: ಹೇಳೇನಲ್ಲ ಕಾಕಾ, ವಿಕೆಟ್‌ಕೀಪರನ ಹಿಂದ ಅಂತ.

ಹುಬ್ಬಳ್ಳಿ ಕಾಕಾ: ಯಾವಾಗ ಹೇಳಿದಿ ನೋಡು. ನೀ ಹೇಳಿದ್ದನ್ನ ಹಂಗ ಬರೀತೀನಿ: "ಔರ್ ಜೋಗಿಂದರ್ ಶರ್ಮಾ ಕೀ ಇಸ್ ಗೇಂದ್ ಕೋ ಮಿಸ್ಬಾಹ್ ಉಲ್ ಹಕ್ ನೇ ಬಡೇ ಹೀ ಅನೋಖೇ ಅಂದಾಜ್ ಮೇಂ ವಿಕೆಟ್‌ಕೀಪರ್ ಕೇ ಪೀಛೇ ಕೀ ಓರ್ ಹವಾ ಮೇಂ ಉಛಾಲ್ ದಿಯಾ ಹೈ." ಇಪ್ಪತ್ತಾರು ಶಬ್ದ. ಸೆಕೆಂಡಿಗೆ ಮೂರು ಶಬ್ದ ಹಿಡಿದ್ರೂ ಎಂಟು ಸೆಕೆಂಡಿನ ಮ್ಯಾಲೆ ಆತು. ಚೆಂಡು ಗಾಳಿಯೊಳಗ ಇದ್ದದ್ದು ಅದರ ಅರ್ಧಾನೂ ಇಲ್ಲ. ನೀ "ಉಛಾಲ್ ದಿಯಾ" ಅನ್ನೂದ್ರಾಗ ಶ್ರೀಸಂತ್ ಹಿಡಿದು ಮುಗದದ.

ರೇಖಾ ಅತ್ತಿ: ಕಾಕಾ ಹೇಳೂದು ಖರೆ. ಹಿಂದಿಯೊಳಗೂ ನಮ್ಮ ಕನ್ನಡದಂಗ ಕ್ರಿಯಾಪದ ಕಡೀಕ ಬರ್ತದ. ಪೂರಾ ವಾಕ್ಯ ಕಟ್ಟಲಿಕ್ಕೆ ಹೋದ್ರ, ಕೇಳೋವ್ರಿಗೆ ಆಗಿದ್ದೇನು ಅನ್ನೂದು ಎಲ್ಲಾದರ ಕಡೀಕ ಸಿಗ್ತದ. ಅದಕ್ಕ ಚೆಂಡು ನಡದಾಗ ತುಂಡು ತುಂಡು ಹೇಳಬೇಕು. ಪೂರಾ ವಾಕ್ಯ ಎರಡು ಚೆಂಡಿನ ನಡುವಿನ ಹೊತ್ತಿಗೆ ಇರಲಿ.

ಬೀದರ ಮಾಮಾ: ಹಂಗಂದ್ರ ಹಿಂದಿಯ ಸೊಗಸೇ ಹೋತಲ್ಲ. ಹಿಂದಿ ಕಾಮೆಂಟೇಟರ್ ಸುಶೀಲ್ ದೋಶಿ ಅವರಿಗೆ ಪದ್ಮಶ್ರೀ ಬಂದದ್ದು ಬರೇ "ಕವರ್, ಮಿಡ್ ಆಫ್" ಅಂದದ್ದಕ್ಕ ಏನು?

ಹುಬ್ಬಳ್ಳಿ ಕಾಕಾ: ಸೊಗಸು ಬ್ಯಾಡ ಅಂತ ಯಾರಂದ್ರು? ಅದನ್ನ ಇಡೂ ಜಾಗಾ ಬ್ಯಾರೆ. ಒಂದು ಚೆಂಡಿನಿಂದ ಇನ್ನೊಂದಕ್ಕ ಸುಮಾರು ಅರ್ಧ ನಿಮಿಷ ಸಿಗ್ತದ. ಬೌಲರ್ ಓಡೂದು ನಾಕೈದು ಸೆಕೆಂಡ್. ವೇಗದ ಚೆಂಡು ಕೈ ಬಿಟ್ಟು ಬ್ಯಾಟಿಗೆ ಮುಟ್ಟೂದು ಅರ್ಧ ಸೆಕೆಂಡಿನ ಆಜೂಬಾಜು. ಆ ಅರ್ಧ ನಿಮಿಷದಾಗ ಮೈದಾನ ಕಟ್ಟಿ ಇಟ್ಟರ, ಮುಂದಿನ ಮೂರು ಸೆಕೆಂಡಿಗೆ ಆರು ಶಬ್ದ ಸಾಕು.

ಸಂದೀಪ: ಕಟ್ಟೂದು ಅಂದ್ರ ಹೆಂಗ?

ಹುಬ್ಬಳ್ಳಿ ಕಾಕಾ: ಇದೇ ಚೆಂಡು ತಗೋ. ಓವರ್ ಶುರು ಆದಾಗ ಪಾಕಿಸ್ತಾನಕ್ಕ 13 ರನ್ ಬೇಕಿತ್ತು, ಉಳಿದದ್ದು ಒಂದೇ ವಿಕೆಟ್. ಮೊದಲು ವೈಡ್, ಆಮ್ಯಾಲೆ ಖಾಲಿ ಚೆಂಡು, ಆಮ್ಯಾಲೆ ಸಿಕ್ಸರ್. ಈಗ 4 ಚೆಂಡಿಗೆ 6 ರನ್. ಸಿಕ್ಸರಿನ ಗದ್ದಲಾ ಇಳಿದ ಮ್ಯಾಲೆ ನಿನಗ ಸಾಕಷ್ಟು ಹೊತ್ತು ಇತ್ತು. ಅಷ್ಟೂ ಹೊತ್ತು "ಸಾಂಸೇಂ ಥಮ್ ಗಯೀ ಹೈಂ" ಅಂತ ಮೂರು ಸಲ ಅಂದಿ. ಶಾರ್ಟ್ ಫೈನ್ ಲೆಗ್‌ನ್ಯಾಗ ಶ್ರೀಸಂತ್ ನಿಂತಾನ ಅಂತ ಒಂದು ಸಲಾನೂ ಅನ್ನಲಿಲ್ಲ. ಕ್ಯಾಚ್ ಬಂದದ್ದು ಅಲ್ಲೇ.

ಸಂದೀಪ: ಅಲ್ಲಿಗೇ ಬರ್ತದ ಅಂತ ಮೊದಲೇ ಹೆಂಗ ಗೊತ್ತಾಗ್ತದ ಕಾಕಾ?

ಹುಬ್ಬಳ್ಳಿ ಕಾಕಾ: ಗೊತ್ತಾಗೂದಿಲ್ಲ, ಗೊತ್ತಾಗೂದು ಬೇಕಾಗಿಲ್ಲ. ಬೌಲರ್, ಕೀಪರ್ ಬಿಟ್ಟರ ಒಂಬತ್ತು ಮಂದಿ. ಅವರನ್ನ ಒಂದೇ ಉಸುರಿನ್ಯಾಗ ಹೇಳಿದ್ರ ಯಾರಿಗೂ ನೆನಪು ಉಳಿಯೂದಿಲ್ಲ. ಓವರ್ ಶುರುವಿನಾಗ ಆಫ್ ಬಾಜೂದವರು, ಮುಂದಿನ ಚೆಂಡಿನ ಮೊದಲು ಲೆಗ್ ಬಾಜೂದವರು. ಆಮ್ಯಾಲೆ ಯಾರು ಸರಿದ್ರು ಅಷ್ಟೇ. 30 ಗಜದ ವರ್ತುಲದ ಒಳಗೋ ಬೌಂಡರಿ ಮ್ಯಾಲೋ ಅನ್ನೂದು ಬಿಡಬಾರದು. ಫೈನ್ ಲೆಗ್ ಒಳಗ ಅದಾನ ಅಂತ ಕೇಳಿದಾವಗ, ಅವನ ತಲೀ ಮ್ಯಾಲಿಂದ ಹೋದ್ರ ನಾಕು ಅಂತ ತಾನೇ ತಿಳೀತದ. ನಿಜವಾದ ಆತಂಕ ಅಲ್ಲೇ ಹುಟ್ಟತದ ಮಾಮಾ, ಚೀರೂದ್ರಿಂದ ಅಲ್ಲ.

ರೇಖಾ ಅತ್ತಿ: ಹಿಂಗ ಹೇಳಿ ನೋಡು ಸಂದೀಪ. ಮೊದಲು ನಿಧಾನಕ್ಕ: "ಚಾರ್ ಗೇಂದ್, ಛಹ್ ರನ್, ಆಖಿರೀ ಜೋಡೀ. ಶಾರ್ಟ್ ಫೈನ್ ಲೆಗ್ ಪರ್ ಶ್ರೀಸಂತ್, ಘೇರೇ ಕೇ ಅಂದರ್." ಆಮ್ಯಾಲೆ ಓಟ: "ಜೋಗಿಂದರ್ ಚಲೇ... ಅಂಪಾಯರ್ ಕೋ ಪಾರ್ ಕಿಯಾ..." ಇಲ್ಲೆ ಒಂದು ಕ್ಷಣ ಬಾಯಿ ಮುಚ್ಚು. ಆಮ್ಯಾಲೆ: "ಮಿಸ್ಬಾಹ್ ಸರಕೇ, ಸ್ಕೂಪ್! ಊಂಚೀ... ಶ್ರೀಸಂತ್ ನೀಚೇ... ಕ್ಯಾಚ್!"

ಹುಬ್ಬಳ್ಳಿ ಕಾಕಾ: ಇಷ್ಟೇ ಬೇಕಾದದ್ದು. ಬ್ಯಾಟ್ಸ್‌ಮನ್ ಏನು ಮಾಡಿದ, ಚೆಂಡು ಎತ್ತರಕ್ಕೋ ನೆಲಕ್ಕೋ, ಕೆಳಗ ಯಾರು, ಏನಾತು. "ಶ್ರೀಸಂತ್" ಅಂದಕೂಡಲೇ ಜಾಗಾ ಕಣ್ಣಿಗೆ ಬರ್ತದ, ಯಾಕಂದ್ರ ಮೊದಲೇ ಹೇಳೇದ.

ಬೀದರ ಮಾಮಾ: ಒಪ್ಪಿದೆ. ಆದ್ರ ಇದರಾಗೂ ದನಿ ಏರಬೇಕು. "ಊಂಚೀ" ಅನ್ನೂದನ್ನ ಸಪ್ಪಗ ಅಂದ್ರ ಸ್ಕೋರ್ ಬೋರ್ಡ್ ಓದಿದಂಗ ಆಗ್ತದ.

ಹುಬ್ಬಳ್ಳಿ ಕಾಕಾ: ಏರಬೇಕು, ಮೆಟ್ಟಲಾ ಉಳಿಸಿಕೊಂಡು. ಸಂದೀಪ ಓಟಕ್ಕೇ ಪೂರಾ ದನಿ ಖರ್ಚು ಮಾಡ್ಯಾನ. ಹಂಗಾಗಿ ಕ್ಯಾಚಿಗೆ ಏರಲಿಕ್ಕೆ ಜಾಗಾನೇ ಉಳೀಲಿಲ್ಲ, ದನಿ ಒಡೀತು. ರೆಕಾರ್ಡಿಂಗ್ ಒಳಗ ಗರಗರ ಅಂತದಲ್ಲ, ಅದು ಮೈಕಿಗೆ ಬಾಯಿ ಹಚ್ಚಿ ಚೀರಿದ್ದಕ್ಕ. ಜೋರು ಬರೂ ಮುಂದ ಮೈಕಿನಿಂದ ಒಂದು ಗೇಣು ಹಿಂದ ಸರಿ. ಕ್ಯಾಚ್ ಅಂದ ಮ್ಯಾಲೆ ಮೂರ್ನಾಕು ಸೆಕೆಂಡ್ ಸುಮ್ಮನಿರು, ಖರೇ ಮ್ಯಾಚಿನ್ಯಾಗ ಅಷ್ಟು ಹೊತ್ತು ಮೈದಾನದ ಮಂದಿ ಹೇಳ್ತಾರ. ಆಮ್ಯಾಲೆ ಫಲಿತಾಂಶ: ಪಾಕಿಸ್ತಾನ 152ಕ್ಕ ಆಲ್‌ಔಟ್, ಭಾರತಕ್ಕ 5 ರನ್ನಿನ ಗೆಲುವು.

ಸಂದೀಪ: ಒಂದು ತೊಂದರೆ ಅದ. ಟೀವಿ ಚಿತ್ರದಾಗ ಚೆಂಡು ಹಾಕೂ ಮುಂದ ಬರೇ ಪಿಚ್ ಕಾಣಸ್ತದ. ಫೀಲ್ಡರ್ ಎಲ್ಲೆ ನಿಂತಾರ ಗೊತ್ತೇ ಆಗೂದಿಲ್ಲ.

ಹುಬ್ಬಳ್ಳಿ ಕಾಕಾ: ಅದೇ ಮೂಲ ಕಾರಣ. ಟೀವಿ ನೋಡಿಕೋತ ಕಲಿತಾವರು ಕ್ಯಾಮರಾ ತೋರಿಸಿದ್ದನ್ನ ಹೇಳ್ತಾರ: ಮುಖ, ಬೆವರು, ಧ್ವಜ. ರೇಡಿಯೊದಾವಗ ಬೇಕಾದದ್ದು ಚೌಕಟ್ಟಿನ ಹೊರಗಿಂದು. ದೂರದಿಂದ ಇಡೀ ಮೈದಾನ ತೋರಸೂ ಚಿತ್ರ ಬಂದಾಗ ವಿಡಿಯೊ ನಿಲ್ಲಿಸು, ಹಾಳಿ ಮ್ಯಾಲೆ ಒಂದು ವರ್ತುಲ ತಗದು ಒಂಬತ್ತು ಚುಕ್ಕಿ ಇಡು, ಮುಂದಿಟ್ಟುಕೊಂಡು ಹೇಳು. ಎಡಗೈ ಬ್ಯಾಟ್ಸ್‌ಮನ್ ಬಂದ್ರ ಇನ್ನೊಂದು ಹಾಳಿ, ಯಾಕಂದ್ರ ಆಫ್, ಲೆಗ್ ಅದಲುಬದಲು. ಇನ್ನೂ ಛಲೋ ಅಂದ್ರ ನೆಹರೂ ಮೈದಾನಕ್ಕ ಹೋಗು, ಯಾವುದರೆ ಮ್ಯಾಚ್ ನಡದಿರ್ತದ, ಫೋನ್ ಹಿಡಿದು ಹೇಳು.

ರೇಖಾ ಅತ್ತಿ: ಇನ್ನೊಂದು. ಆಕಾಶವಾಣಿಯೊಳಗ ಹಿಂದಿ, ಇಂಗ್ಲಿಷ್ ಪಾಳಿ ಮ್ಯಾಲೆ ಬರ್ತದ. ನಿನ್ನ ಪಾಳಿ ಬರೂ ತನಕ ಬರೇ ಹಿಂದಿ ಬರೋವರಿಗೆ ನಡದದ್ದು ಪೂರಾ ತಿಳಿದಿರೂದಿಲ್ಲ. ಅದಕ್ಕ ಮೈಕ್ ಸಿಕ್ಕಕೂಡಲೇ ಮೊದಲ ಚೆಂಡಿನ ಒಳಗ ಸ್ಕೋರ್, ಓವರ್, ಆಡೋ ಇಬ್ಬರು, ನಡುವ ಯಾರರೆ ಔಟಾಗಿದ್ರ ಹೆಂಗಾದ್ರು ಅಂತ ಹೇಳು. ನಿನ್ನ ಆಡಿಯೊ "ಜೀ ಹಾಂ, ರೋಮಾಂಚಕ್ ಮೋಡ್ ಪರ್" ಅಂತ ಶುರು ಆಗ್ತದ. ಯಾರು ಯಾರ ಜೋಡಿ ಆಡ್ಲಿಕ್ಕತ್ತಾರ ಅನ್ನೂದು ಮೂರನೇ ಚೆಂಡಿಗೆ ಬಂತು.

ಬೀದರ ಮಾಮಾ: ಆ "ಜೀ ಹಾಂ" ಇರಲಿ ಅತ್ತಿಗಿ, ಕೇಳಲಿಕ್ಕೆ ಆಪ್ತ ಅನಸ್ತದ.

ರೇಖಾ ಅತ್ತಿ: ಒಂದು ಓವರಿಗೆ ಒಂದು ಇರಲಿ. ಈಗ ಹನ್ನೊಂದು ಅವ, ಎಣಿಸೇನಿ.

ಸಂದೀಪ: ಆತು, ಚುಕ್ಕಿ ಹಾಳಿ ಮಾಡಿಕೊಂಡು ಇದೇ ಓವರ್ ಮತ್ತ ಹೇಳ್ತೀನಿ. ಸಿಕ್ಸರ್ ಆದ ಮ್ಯಾಲೆ ಸ್ಕೋರ್ ಮೊದಲೋ ಫೀಲ್ಡ್ ಮೊದಲೋ?

ಹುಬ್ಬಳ್ಳಿ ಕಾಕಾ: ಸ್ಕೋರ್. ಈಗಷ್ಟೇ ರೇಡಿಯೊ ಹಚ್ಚಿದಾವಗ ಮೊದಲು ಬೇಕಾದದ್ದು ಅದು. ಆಮ್ಯಾಲೆ ಫೀಲ್ಡಿನಾಗ ಬದಲಾದದ್ದು, ಆಮ್ಯಾಲೆ ಬೌಲರ್ ತನ್ನ ಗುರುತಿಗೆ ಹೊಳ್ಳಿದ್ದು. ಅವ ಹೊಳ್ಳೂದ್ರಾಗ ಮಾತು ಮುಗಿದಿರಬೇಕು.

ಬೀದರ ಮಾಮಾ: ಎರಡನೇದು ಬಂದ ಮ್ಯಾಲೆ ನಾ ಕಣ್ಣು ಮುಚ್ಚಿಕೊಂಡು ಕೇಳ್ತೀನಿ. ಜೋಶ್ ಕಮ್ಮಿ ಆದ್ರ ಮತ್ತ ಬರೀತೀನಿ.