‘ಬಾದ್‌ಗೀರ್’ಗೆ ‘ಗಾಳಿಗೋಪುರ’ ಅನ್ನಬಹುದಾ? ‘ಯಖ್‌ಚಾಲ್’ಗೆ ಏನು?

ನಮಸ್ಕಾರ. ಇರಾನಿನ ಯಜ್ದ್ ಊರಿನ ಬಗ್ಗೆ ಮಕ್ಕಳಿಗೆ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬರಹ ನಿಂತುಬಿಟ್ಟಿದೆ.

ಬಾದ್‌ಗೀರ್ ಅಂದರೆ ಮಾಳಿಗೆಯ ಮೇಲೆ ಎತ್ತರಕ್ಕೆ ಕಟ್ಟಿದ, ತುದಿಯಲ್ಲಿ ಉದ್ದುದ್ದ ಕಿಂಡಿಗಳಿರುವ ಗೋಪುರ. ದೌಲತಾಬಾದ್ ತೋಟದ್ದು ಸುಮಾರು 33 ಮೀಟರ್ ಎತ್ತರ. ಗಾಳಿ ಬೀಸುವ ಕಡೆಯ ಕಿಂಡಿಯಿಂದ ಒಳಗಿಳಿದು, ಕೆಳಗಿನ ಕೊಳದ ಮೇಲೆ ಹಾದು, ತಂಪಾಗಿ ಕೋಣೆಗೆ ಬರುತ್ತದೆ. ಒಳಗಿನ ಬಿಸಿ ಗಾಳಿ ಎದುರು ಕಡೆಯ ಕಿಂಡಿಯಿಂದ ಹೋಗುತ್ತದೆ. ಇದಕ್ಕೆ ‘ಗಾಳಿಗೋಪುರ’ ಅಂದರೆ ಮಕ್ಕಳಿಗೆ ಹಗಲುಗನಸು ನೆನಪಾಗುತ್ತದೆ, ಅಲ್ವಾ?

ಇನ್ನು ಯಖ್‌ಚಾಲ್, ಅಂದರೆ ಹಿಂದೆ ಮಂಜುಗಡ್ಡೆ ಮಾಡಿ ಕೂಡಿಡುತ್ತಿದ್ದ ಜಾಗ. ಯಖ್ ಮಂಜುಗಡ್ಡೆ, ಚಾಲ್ ಗುಂಡಿ. ಅಲ್ಲಿ ಈಗ ಫ್ರಿಜ್ಜಿಗೂ ಇದೇ ಹೆಸರು. ‘ಮಂಜಿನ ಮನೆ’ ಸಾಕಾ?

ಉತ್ತರ 1:
ಬಾದ್ ಅಂದರೆ ಗಾಳಿ, ಗೀರ್ ಅಂದರೆ ಹಿಡಿಯುವುದು. ನಮ್ಮ ‘ದಸ್ತಗಿರಿ’ಯಲ್ಲಿ ಇರುವುದೂ ಇದೇ ಗೀರ್, ದಸ್ತ್ ಅಂದರೆ ಕೈ. ಆದರೆ ‘ಗಾಳಿಹಿಡುಕ’ ಬೇಡ. ‘ಗಾಳಿ ಹಿಡಿದಿದೆ’ ಅಂದರೆ ನಮ್ಮ ಕಡೆ ದೆವ್ವ ಮೆಟ್ಟಿಕೊಂಡಿದೆ ಅಂತ. ಈ ಗೋಪುರದ ಗಾಳಿಯಿಂದಲೇ ನೀರು ಗಡ್ಡೆ ಕಟ್ಟುತ್ತಿತ್ತಲ್ಲ, ಎರಡಕ್ಕೂ ‘ತಂಪುಗೋಪುರ’ ಅನ್ನಿ.

ಉತ್ತರ 2:
ಪದದ ಮಾತು ಸರಿ, ಗಡ್ಡೆ ಕಟ್ಟಿದ್ದು ಹಾಗಲ್ಲ. ಗೋಪುರದ ಗಾಳಿ ತಂಪು ಮಾಡಬಲ್ಲದು, ನೀರನ್ನು ಹೆಪ್ಪುಗಟ್ಟಿಸಲಾರದು. ಯಜ್ದ್ ಹತ್ತಿರದ ಮೇಬೋದ್‌ನಲ್ಲಿ ಹಳೆಯ ಯಖ್‌ಚಾಲ್ ಇದೆ. ಇಂಥ ಕಡೆ ಪೂರ್ವ-ಪಶ್ಚಿಮಕ್ಕೆ ಎತ್ತರದ ಮಣ್ಣಿನ ಗೋಡೆ, ಅದರ ಉತ್ತರದ ನೆರಳಿನಲ್ಲಿ ಆಳವಿಲ್ಲದ ಹೊಂಡಗಳು. ಚಳಿಗಾಲದ ರಾತ್ರಿ ಅವಕ್ಕೆ ತೆಳ್ಳಗೆ ನೀರು ಬಿಡುತ್ತಿದ್ದರು. ಮೋಡವಿಲ್ಲದ ಒಣ ಆಕಾಶಕ್ಕೆ ನೀರು ತನ್ನ ಶಾಖ ಬಿಟ್ಟು ಗಡ್ಡೆ ಕಟ್ಟುತ್ತಿತ್ತು. ಮೋಡ ಕವಿದರೆ ಆ ರಾತ್ರಿಯ ಕೆಲಸ ಕೆಟ್ಟಂತೆ. ಬಿಸಿಲು ಏರುವ ಮೊದಲೇ ಒಡೆದು, ದಪ್ಪ ಗೋಡೆಯ ಗುಮ್ಮಟದ ಕೆಳಗಿನ ಗುಂಡಿಗೆ ತುಂಬಿ, ನಡುವೆ ಹುಲ್ಲು ಹಾಸುತ್ತಿದ್ದರು. ಅದನ್ನು ತೆಗೆಯುವುದು ಬೇಸಿಗೆಗೆ. ಹಾಗಾಗಿ ಎರಡಕ್ಕೂ ಒಂದೇ ಪದ ಬೇಡ.

ಉತ್ತರ 3:
ನಾನು ಬೀದರಿನವನು. ನಮ್ಮಲ್ಲೂ ನೌಬಾದಿನಲ್ಲಿ ಪರ್ಷಿಯಾದ ರೀತಿಯ ಸುರಂಗ ಬಾವಿ ಇದೆ, ಕರೇಜ್ ಅಂತಾರೆ. ಅಲ್ಲಿ ಐಸ್ ಮಾಡುತ್ತಿರಲಿಲ್ಲ ಅನ್ನಿ. ಆದರೆ ಹುಲ್ಲು ಹಾಸಿದ ಗುಂಡಿ ಅಂದ ಕೂಡಲೇ ನನಗೆ ಜೋಳ ತುಂಬುವ ಹಗೇವು ಕಣ್ಣಿಗೆ ಬಂತು. ‘ಮಂಜುಗಡ್ಡೆ ಹಗೇವು’ ಅನ್ನಬಾರದಾ?

ಉತ್ತರ 2, ಮತ್ತೆ:
ಕೇಳಲು ಚೆನ್ನಾಗಿದೆ. ಆದರೆ ಹಗೇವಿಗೆ ನೀರು ಸೋಕಲೇಬಾರದು. ಯಖ್‌ಚಾಲ್‌ನ ತಳದಲ್ಲಿ ಕರಗಿದ ನೀರು ಹೋಗಲು ದಾರಿ ಬೇಕೇ ಬೇಕು. ನೀರು ನಿಂತರೆ ಉಳಿದ ಗಡ್ಡೆಯೂ ಬೇಗ ಕರಗುತ್ತದೆ. ಹಗೇವು ಕಂಡವರಿಗೆ ಈ ಪದ ಗೊಂದಲ ಮಾಡುತ್ತದೆ.

ಕೇಳಿದವರು:
ಹಾಗಾದರೆ ಗೋಪುರಕ್ಕೆ ‘ಗಾಳಿಗಿಂಡಿಯ ಗೋಪುರ’ ಅಂತ ಬರೆಯುತ್ತೇನೆ. ಹಗೇವನ್ನು ಬಿಡಲು ಮಾತ್ರ ಮನಸ್ಸಾಗುತ್ತಿಲ್ಲ. ಸದ್ಯಕ್ಕೆ ‘ಯಖ್‌ಚಾಲ್’ ಅಂತಲೇ ಇಟ್ಟು, ಮೊದಲ ಸಲ ಬಂದಾಗ ಆ ಗುಂಡಿಯನ್ನು ಹಗೇವಿಗೆ ಹೋಲಿಸಿ, ತಳದ ನೀರಿನ ದಾರಿಯನ್ನೂ ಹೇಳುತ್ತೇನೆ. ಇದಕ್ಕಿಂತ ಒಳ್ಳೆಯ ಪದ ಯಾರ ಊರಲ್ಲಾದರೂ ಇದ್ದರೆ ಹೇಳಿ.